ಕರೆಂಟು ತೆಗೆಯುವ ಮೊದಲು ಟ್ಯಾಂಕ್ ತುಂಬಿಸಿ

ಪ್ರಶ್ನೆ: ನಮ್ಮ ಮನೆ ನಂಜನಗೂಡಿನಲ್ಲಿ, ಹೊಳೆ ಕಡೆಯ ತಗ್ಗಿನ ಬೀದಿಯಲ್ಲಿದೆ. ಒಂದೇ ಅಂತಸ್ತು, ಮೇಲೆ ತಾರಸಿ. ಕಬಿನಿಯಿಂದ ಜಾಸ್ತಿ ನೀರು ಬಿಟ್ಟಾಗ ಅಂಗಳಕ್ಕೆ ಬರುತ್ತದೆ, ಒಂದು ವರ್ಷ ಹಾಲ್‌ನಲ್ಲೇ ಮೊಣಕಾಲುದ್ದ ನಿಂತಿತ್ತು. ಮನೆಯಲ್ಲಿ ವಯಸ್ಸಾದ ತಾಯಿ, ಹೆಂಡತಿ, ಎರಡು ಮಕ್ಕಳು. ಯುಪಿಎಸ್ ನೆಲದ ಮೇಲೇ ಇದೆ. ಅಂಗಳದಲ್ಲಿ ಸಂಪು. ಕರೆಂಟು ಯಾವಾಗ ತೆಗೆಯಬೇಕು? ಮೊದಲು ಏನನ್ನು ಮೇಲಿಡಬೇಕು? ನೀರು ಇಳಿದ ಮೇಲೆ ಸಂಪಿನ ನೀರನ್ನು ಅಮ್ಮನಿಗೆ ಯಾವಾಗ ಕುಡಿಯಲು ಕೊಡಬಹುದು?

ಉತ್ತರ: ನೀವು ಮೂರು ಪ್ರಶ್ನೆ ಕೇಳಿದ್ದೀರಿ. ಆದರೆ ಇವನ್ನು ಬೇರೆ ಬೇರೆಯಾಗಿ ನೋಡಿದರೆ ಕೆಲಸ ಕೆಡುತ್ತದೆ. ಮೈಕಿನಲ್ಲಿ ಕೂಗಿದ ತಕ್ಷಣ ಹೆದರಿ ಮೇನ್ ಸ್ವಿಚ್ ಎಳೆದುಬಿಟ್ಟರೆ ಮೋಟಾರು ನಿಲ್ಲುತ್ತದೆ, ತಾರಸಿಯ ಟ್ಯಾಂಕು ಅರ್ಧ ಖಾಲಿ ಉಳಿಯುತ್ತದೆ. ಆಮೇಲೆ ಮೂರು ದಿನ ಸುತ್ತಲೂ ನೀರು, ಕುಡಿಯಲು ಮಾತ್ರ ಇಲ್ಲ. ಮೋಟಾರನ್ನು ಮೊದಲೇ ಬಿಚ್ಚಿದರೂ ಇದೇ ಕಥೆ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನೇ ಹೇಳುತ್ತೇನೆ. ನಾನು ಮೂವತ್ತು ವರ್ಷ ಕರೆಂಟಿನ ಕೆಲಸ ಮಾಡಿದವನು. ಪ್ರವಾಹ ಬಂದುಹೋದ ಮನೆಗಳಿಗೆ ಮತ್ತೆ ಲೈನ್ ಕೊಡುವ ಮೊದಲು ಹೋಗಿ ನೋಡುವುದು ನನ್ನ ಪಾಲಿಗೆ ಬೀಳುತ್ತಿತ್ತು.

ಮೊದಲಿಗೆ, ಎಷ್ಟು ಹೊತ್ತು ಸಿಗುತ್ತದೆ ಅನ್ನುವುದು ಗೊತ್ತಿರಬೇಕು. ಕೆಆರ್‌ಎಸ್‌ಗೆ ಹೋಲಿಸಿದರೆ ಕಬಿನಿ ಜಲಾಶಯ ಸಣ್ಣದು. ಕೆಆರ್‌ಎಸ್‌ನಲ್ಲಿ 49 ಟಿಎಂಸಿಗೂ ಜಾಸ್ತಿ ಹಿಡಿಯುತ್ತದೆ, ಕಬಿನಿಯಲ್ಲಿ ಹಿಡಿಯುವುದು 19.52 ಟಿಎಂಸಿ. ವಯನಾಡಿನಲ್ಲಿ ಎರಡು ದಿನ ಜೋರು ಮಳೆ ಹೊಡೆದರೆ ಒಳಹರಿವು ಒಮ್ಮೆಗೇ ಏರುತ್ತದೆ. ಮಟ್ಟ 2284 ಅಡಿಯ ಹತ್ತಿರ ಬಂದಿದ್ದರೆ ತಡೆದಿಡಲು ಜಾಗವಿರುವುದಿಲ್ಲ. ಬಂದಷ್ಟೂ ಬಿಡಬೇಕಾಗುತ್ತದೆ. ಆದ್ದರಿಂದ ನಂಜನಗೂಡಿನಲ್ಲಿ ಮಳೆಯೇ ಇಲ್ಲದ ದಿನವೂ ಬೀದಿಗೆ ನೀರು ಬರಬಹುದು. ಪೇಪರಿನಲ್ಲಿ ಜಲಾಶಯದ ಮಟ್ಟದ ಜೊತೆಗೆ ಹೊರಹರಿವು ಎಷ್ಟು ಕ್ಯೂಸೆಕ್ ಅಂತಲೂ ನೋಡಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರು. 50 ಸಾವಿರ ಕ್ಯೂಸೆಕ್ ಅಂದರೆ ಸೆಕೆಂಡಿಗೆ 14 ಲಕ್ಷ ಲೀಟರು ನಿಮ್ಮ ಕಡೆಗೆ ಹೊರಟಿದೆ ಅಂತ ಅರ್ಥ.

ನಿಮ್ಮೂರಿನವರು ಹದಿನಾರು ಕಾಲು ಮಂಟಪ ಎಷ್ಟು ಮುಳುಗಿದೆ ಅಂತ ನೋಡಿ ಲೆಕ್ಕ ಹಾಕುತ್ತಾರೆ. ಅದು ಒಳ್ಳೆಯ ಅಳತೆಯೇ. ಆದರೆ ನಿಮ್ಮ ಮನೆಗೆ ನಿಮ್ಮದೇ ಗುರುತು ಬೇಕು. ರಸ್ತೆಯಿಂದ ಹಾಲ್‌ಗೆ ಮೂರು ಮೆಟ್ಟಿಲು ಇದೆ ಅಂದುಕೊಳ್ಳೋಣ. ಹೊರಹರಿವು ಇಷ್ಟಿದ್ದಾಗ ನೀರು ಎಲ್ಲಿಗೆ ಬಂತು ಅಂತ ಪ್ರತಿ ಸಲವೂ ಗೋಡೆ ಮೇಲೆ ಪೇಂಟಿನಲ್ಲಿ ಗೆರೆ ಎಳೆದು, ಪಕ್ಕದಲ್ಲೇ ಆ ಅಂಕಿ ಬರೆಯಿರಿ. ಎರಡು ಮಳೆಗಾಲ ಕಳೆದರೆ ಅದಕ್ಕಿಂತ ಒಳ್ಳೆಯ ಮುನ್ಸೂಚನೆ ನಿಮಗೆ ಬೇರೆ ಸಿಗುವುದಿಲ್ಲ. ಇನ್ನೊಂದು ವಿಷಯ. ನೀರು ಹೊಳೆ ಕಡೆಯಿಂದ ಅಲೆ ಹಾಗೆ ಬರುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ತಗ್ಗಿನ ಬೀದಿಗಳಲ್ಲಿ ಅದು ಮೊದಲು ಬರುವುದು ಮೋರಿಯಿಂದ. ಹೊಳೆ ಮಟ್ಟ ಏರಿದಾಗ ಚರಂಡಿ ಹಿಮ್ಮುಖವಾಗಿ ಹರಿಯುತ್ತದೆ. ಬಚ್ಚಲಿನ ತೂತು, ಕಕ್ಕಸಿನ ಬೇಸಿನ್ ಗುಳುಗುಳು ಅಂತ ಸದ್ದು ಮಾಡಿದರೆ ಬೀದಿ ಒಣಗಿದ್ದರೂ ಕೆಲಸ ಶುರು ಮಾಡಿ. ಮರಳಿನ ಚೀಲ ಬಾಗಿಲಿಗೆ ಇಡುವ ಮೊದಲು ಈ ಎರಡು ತೂತುಗಳ ಮೇಲೆ ಇಡಿ.

ಇನ್ನು ಕೆಲಸ. ಮೊದಲ ಮೆಟ್ಟಿಲಿಗೆ ನೀರು ಬರುವ ಮೊದಲೇ, ಅಂದರೆ ಎಚ್ಚರಿಕೆ ಕೇಳಿದ ಕೂಡಲೇ, ಮೋಟಾರು ಹಾಕಿ ತಾರಸಿಯ ಟ್ಯಾಂಕು ತುಂಬಿಸಿ. ಅದು ತುಂಬುತ್ತಿರುವಾಗಲೇ ಅಡುಗೆಮನೆಯ ಬಿಂದಿಗೆ, ಕ್ಯಾನು, ಮುಚ್ಚಳ ಇರುವ ಡ್ರಮ್ಮು ಎಲ್ಲ ತೊಳೆದು ತುಂಬಿಸಿ. ನೀವು ಐದು ಜನ. ಕುಡಿಯಲು, ಅಡುಗೆಗೆ ಅಂತ ತಲೆಗೆ ದಿನಕ್ಕೆ 5 ಲೀಟರು ಇಟ್ಟುಕೊಂಡರೆ ಮೂರು ದಿನಕ್ಕೆ 75 ಲೀಟರು. 20 ಲೀಟರಿನ ನಾಲ್ಕು ಕ್ಯಾನು ಸಾಕು. ಇವನ್ನು ತಾರಸಿಗೆ ಹೋಗುವ ಮೆಟ್ಟಿಲಿನ ಮೇಲ್ತುದಿಯಲ್ಲಿಡಿ. ಟ್ಯಾಂಕು ತುಂಬಿದ ಮೇಲೆ ಅದರಿಂದ ಕೆಳಗೆ ಇಳಿಯುವ ವಾಲ್ವು ಮುಚ್ಚಿ. ಇಲ್ಲದಿದ್ದರೆ ಕೆಳಗೆ ಯಾವುದೋ ನಲ್ಲಿ ತೆರೆದಿದ್ದರೂ, ಪೈಪು ಬಿರುಕು ಬಿಟ್ಟರೂ ಇಡೀ ಟ್ಯಾಂಕು ಕೆಸರಿಗೆ ಹೋಗುತ್ತದೆ.

ಆಮೇಲೆ ಸಂಪು. ಇಲ್ಲಿ ಬಹಳ ಜನ ತಪ್ಪು ಮಾಡುತ್ತಾರೆ. ಹೇಗೂ ಗಲೀಜಾಗುತ್ತದೆ ಅಂತ ಸಂಪನ್ನು ಪೂರ್ತಿ ಖಾಲಿ ಮಾಡುತ್ತಾರೆ. ಮಾಡಬೇಡಿ. ಪ್ರವಾಹ ಬಂದಾಗ ನೆಲದೊಳಗೂ ನೀರು ಏರುತ್ತದೆ. ಖಾಲಿ ಸಂಪು ಆಗ ಒಂದು ದೋಣಿ ಇದ್ದ ಹಾಗೆ. ಕೆಳಗಿನಿಂದ ನೀರು ಅದನ್ನು ಮೇಲೆತ್ತಲು ನೋಡುತ್ತದೆ. ಇಟ್ಟಿಗೆಯದಾದರೆ ತಳ ಬಿರಿಯುತ್ತದೆ, ನೆಲದಲ್ಲಿ ಹೂತ ಪ್ಲಾಸ್ಟಿಕ್ ಟ್ಯಾಂಕಾದರೆ ಮಣ್ಣು ಸೀಳಿಕೊಂಡು ಮೇಲೇ ಬಂದುಬಿಡುತ್ತದೆ. ಟ್ಯಾಂಕಿಗೆ ಏರಿಸಿ ಕಡಿಮೆಯಾದಷ್ಟನ್ನು ನಲ್ಲಿ ನೀರು ಬರುತ್ತಿದ್ದರೆ ಮತ್ತೆ ತುಂಬಿಸಿಡಿ. ಒಳಗಿನ ನೀರಿನ ಭಾರವೇ ಅದನ್ನು ಕಾಪಾಡುತ್ತದೆ. ಮುಚ್ಚಳದ ಸುತ್ತ ದಪ್ಪ ಪ್ಲಾಸ್ಟಿಕ್ ಹಾಸಿ ಮೇಲೆ ಕಲ್ಲು ಹೇರಿ. ಹೆಚ್ಚಾದ ನೀರು ಹೊರಹೋಗುವ ಪೈಪಿಗೆ ಬಟ್ಟೆ ತುರುಕಿ, ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಇಷ್ಟಾದರೂ ಮೋರಿ ನೀರು ಸ್ವಲ್ಪ ಒಳಗೆ ಹೋಗೇ ಹೋಗುತ್ತದೆ. ಹೂಳು ತುಂಬದ ಹಾಗೆ ತಡೆಯುವುದಷ್ಟೇ ಇದರ ಲೆಕ್ಕ.

ಕಾಗದಪತ್ರಕ್ಕೆ ಹದಿನೈದು ನಿಮಿಷ ಸಾಕು, ಆದರೆ ಅವು ಒಂದೇ ಕಡೆ ಇರಬೇಕು. ಪಹಣಿ ಮತ್ತೆ ತೆಗೆಸಿಕೊಳ್ಳಬಹುದು, ಆಧಾರ್ ಕೂಡ. ಕಷ್ಟ ಇರುವುದು ಮೂಲ ಕ್ರಯಪತ್ರ, ಮಕ್ಕಳ ಅಂಕಪಟ್ಟಿ, ತಾಯಿಯವರ ಚಿಕಿತ್ಸೆಯ ಫೈಲು, ಹಳೆಯ ಫೋಟೋಗಳದ್ದು. ಇವನ್ನು ಎರಡು ಪದರ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ತಾಯಿಯವರ ಮಾತ್ರೆ, ಒಡವೆ, ಟಾರ್ಚು, ಚಾರ್ಜರು ಎಲ್ಲ ಇರುವ ಬ್ಯಾಗಿಗೇ ಸೇರಿಸಿ. ನೀವು ಎಲ್ಲಿಗೆ ಹೋದರೂ ಆ ಬ್ಯಾಗು ನಿಮ್ಮ ಜೊತೆಗೇ ಬರಲಿ. ಬೀರುವಿನಲ್ಲಿ ಭದ್ರವಾಗಿದೆ ಅಂತ ಬಿಡಬೇಡಿ. ಕಬ್ಬಿಣದ ಬೀರುವಿನೊಳಗೆ ನೀರು ಸಲೀಸಾಗಿ ನುಗ್ಗುತ್ತದೆ, ಆಮೇಲೆ ಹೂಳು ಕೂತು ಬಾಗಿಲು ತೆರೆಯುವುದೇ ಇಲ್ಲ. ಅಂಥ ಒಂದು ಬೀರುವನ್ನು ಗ್ಯಾಸ್ ಕಟರ್ ತರಿಸಿ ಕೊಯ್ಯಿಸಿದ್ದನ್ನು ನೋಡಿದ್ದೇನೆ. ಒಳಗಿದ್ದ ರೇಷ್ಮೆ ಸೀರೆಗಳು ಒಂದಕ್ಕೊಂದು ಬಣ್ಣ ಹಚ್ಚಿಕೊಂಡು ಕೂತಿದ್ದವು.

ಉಳಿದ ಸಾಮಾನಿಗೆ ಒಂದೇ ಲೆಕ್ಕ. ಹೋದ ಸಲ ಮೊಣಕಾಲುದ್ದ ಬಂದಿದ್ದರೆ ಈ ಸಲ ಸೊಂಟದುದ್ದ ಬರುತ್ತದೆ ಅಂದುಕೊಂಡು ಇಡಿ. ಮಂಚದ ಮೇಲೆ ಇಟ್ಟರೆ ಸಾಲದು, ಅಟ್ಟಕ್ಕೋ ಸಜ್ಜಕ್ಕೋ ಹೋಗಬೇಕು. ರಾಗಿ, ಅಕ್ಕಿ ಮೂಟೆ ಮೊದಲು. ನೆನೆದ ರಾಗಿ ಎರಡೇ ದಿನಕ್ಕೆ ಮೊಳಕೆ ಬರುತ್ತದೆ. ಫ್ರಿಜ್ಜನ್ನು ಎತ್ತಲು ಆಗದಿದ್ದರೆ ಖಾಲಿ ಮಾಡಿ, ಪ್ಲಗ್ಗು ತೆಗೆದು, ಬಾಗಿಲಿಗೆ ಹಗ್ಗ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿ. ಅದು ತೇಲುತ್ತದೆ, ತೇಲಿ ಅಡ್ಡ ಬಿದ್ದು ಬಾಗಿಲಿಗೆ ಸಿಕ್ಕಿಕೊಂಡರೆ ವಾಪಸ್ ಬಂದಾಗ ಮನೆಯೊಳಗೆ ಹೋಗಲೂ ಆಗುವುದಿಲ್ಲ. ಗ್ಯಾಸ್ ಸಿಲಿಂಡರ್ ಕೂಡ ಹಾಗೇ. ಖಾಲಿಯದು ಮಾತ್ರ ತೇಲುತ್ತದೆ ಅಂತ ಜನ ನಂಬಿದ್ದಾರೆ. ತುಂಬಿದ 14.2 ಕೆಜಿ ಸಿಲಿಂಡರ್ ಕೂಡ ತೇಲುತ್ತದೆ, ಯಾಕೆಂದರೆ ಅದರ ಒಟ್ಟು ತೂಕಕ್ಕಿಂತ ಅದು ಸರಿಸುವ ನೀರಿನ ತೂಕ ಜಾಸ್ತಿ. ರೆಗ್ಯುಲೇಟರ್ ತೆಗೆದು, ಮುಚ್ಚಳ ಹಾಕಿ, ತಾರಸಿಗೆ ಸಾಗಿಸಿ.

ಈಗ ಕರೆಂಟು. ಯಾವಾಗ ತೆಗೆಯಬೇಕು ಅಂದರೆ, ನಿಮ್ಮ ಕಾಲು ಒಣಗಿರುವಾಗ. ನೀರು ಎರಡನೆಯ ಮೆಟ್ಟಿಲಿಗೆ ಬಂದಾಗ ತೆಗೆದು ಹೊರಡಿ. ಹಾಲ್‌ಗೆ ಬಂದ ಮೇಲೆ ತೆಗೆಯೋಣ ಅಂತ ಕಾಯಬೇಡಿ. ನೆಲದಿಂದ ಒಂದು ಅಡಿ ಎತ್ತರದಲ್ಲಿ ಪ್ಲಗ್ ಪಾಯಿಂಟ್‌ಗಳಿರುತ್ತವೆ. ನೀರು ಅಲ್ಲಿಗೆ ಮುಟ್ಟಿದ ಮೇಲೆ ಆ ನೀರಿನಲ್ಲಿ ನಿಂತು ಸ್ವಿಚ್ಚಿಗೆ ಕೈ ಹಾಕುವ ಹಾಗೇ ಇಲ್ಲ. ಅಷ್ಟು ಹೊತ್ತಿಗೆ ನೀವು ತೆಗೆದಿಲ್ಲವಾದರೆ ಒಳಗೆ ಹೋಗಬೇಡಿ. ಹೊರಗಿನಿಂದಲೇ 1912ಕ್ಕೆ ಫೋನ್ ಮಾಡಿ, ಕಂಬದಲ್ಲೇ ಕಟ್ ಮಾಡಿಸಿ.

ಮೇನ್ ಎಳೆಯುವ ಮೊದಲು ಯುಪಿಎಸ್. ಇದನ್ನು ಎರಡು ಸಲ ಓದಿ. ಮೇನ್ ತೆಗೆದರೆ ಯುಪಿಎಸ್ ಏನು ಅಂದುಕೊಳ್ಳುತ್ತದೆ? ಕರೆಂಟು ಹೋಯಿತು ಅಂತ. ತಕ್ಷಣ ಬ್ಯಾಟರಿಯಿಂದ 230 ವೋಲ್ಟು ಮಾಡಿ ಮನೆಯ ಲೈಟು, ಫ್ಯಾನಿನ ಲೈನಿಗೆ ಕೊಡಲು ಶುರು ಮಾಡುತ್ತದೆ. ಬ್ಯಾಟರಿ ಬರೀ 12 ವೋಲ್ಟು ಅಲ್ವಾ, ಏನಾಗುತ್ತದೆ ಅಂತ ಕೇಳುವವರಿದ್ದಾರೆ. ಒಳಗೆ ಹೋಗುವುದು 12, ಹೊರಗೆ ಬರುವುದು 230. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲ, ಇಪ್ಪತ್ತು ವರ್ಷ ಅನುಭವ ಆದ ಮೇಲೆ ನಾನೇ ಈ ತಪ್ಪು ಮಾಡಿದ್ದೆ. ನೆಂಟರ ಮನೆ, ಕಣಕಾಲುದ್ದ ನೀರು. ಮೇನ್ ತೆಗೆದಿದ್ದೇನೆ ಅನ್ನುವ ಧೈರ್ಯದಲ್ಲಿ ಒದ್ದೆ ಸ್ವಿಚ್ ಬೋರ್ಡು ಒರೆಸಲು ಹೋದೆ. ಕೈ ಜುಂ ಅಂತು. ಮಂಚದ ಕೆಳಗೆ ಯುಪಿಎಸ್ ಕೂತಿತ್ತು, ಸಣ್ಣ ಹಸಿರು ದೀಪ ಉರಿಯುತ್ತಿತ್ತು. ಹಿಂದಕ್ಕೆ ಬಿದ್ದೆ, ಬದುಕಿದೆ. ಅವತ್ತಿನಿಂದ ಯಾರ ಮನೆಗೆ ಹೋದರೂ ಮೊದಲು ಕೇಳುವುದು ಯುಪಿಎಸ್ ಎಲ್ಲಿದೆ ಅಂತ.

ಹಾಗಾಗಿ ಮೊದಲು ಯುಪಿಎಸ್ಸಿನ ಮುಂದಿನ ಸ್ವಿಚ್ ಆಫ್ ಮಾಡಿ, ಅದರ ಪ್ಲಗ್ಗು ಕೀಳಿ. ಆಮೇಲೆ ಬೋರ್ಡಿನ ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿ, ಕೊನೆಗೆ ಮೇನ್ ತೆಗೆಯಿರಿ. ಲೈಟಿನ ಸ್ವಿಚ್ ಒತ್ತಿ ನೋಡಿ, ಏನೂ ಉರಿಯಬಾರದು. ನಂತರ ಬ್ಯಾಟರಿಯ ವೈರು ಬಿಚ್ಚಿ, ಕಪ್ಪು ವೈರು ಮೊದಲು, ಕೆಂಪು ಆಮೇಲೆ. ದೊಡ್ಡ ಟ್ಯೂಬುಲರ್ ಬ್ಯಾಟರಿ 50 ಕೆಜಿಗಿಂತ ಜಾಸ್ತಿ ಭಾರ, ಒಳಗೆ ಆಸಿಡ್ ಇದೆ. ಇಬ್ಬರು ಹಿಡಿದು ನೆಟ್ಟಗೆ ಎತ್ತಿ, ಓರೆ ಮಾಡಬೇಡಿ. ಈ ಕಷ್ಟವೇ ಬೇಡ ಅಂದರೆ ಈ ಮಳೆಗಾಲದ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಯುಪಿಎಸ್ಸನ್ನು ನಾಲ್ಕಡಿ ಎತ್ತರದ ಕಲ್ಲುಹಲಗೆ ಮೇಲೆ ಕೂರಿಸಿ. ಮೇನ್ ತೆಗೆದ ಮೇಲೆಯೇ ಸಂಪಿನ ಮೋಟಾರು ಬಿಚ್ಚುವುದು. ಹೊರಗೆ ಕೂತಿರುವ ಸಣ್ಣ ಮೋಟಾರಾದರೆ ಎರಡು ಬೋಲ್ಟು, ಪೈಪು ಕೂಡಿಸುವ ಎರಡು ಯೂನಿಯನ್ ಅಷ್ಟೆ. ಮುಳುಗಿದರೆ ವೈಂಡಿಂಗ್ ಮಾಡಿಸಬೇಕಾಗುತ್ತದೆ.

ಒಂದು ಮಿತಿ ಹೇಳಬೇಕು. ಮೇನ್ ತೆಗೆದರೂ ಕಂಬದಿಂದ ಮೀಟರಿಗೆ ಬರುವ ವೈರು, ಮೀಟರಿನಿಂದ ಮೇನ್ ಸ್ವಿಚ್ಚಿನವರೆಗಿನ ವೈರು ಸತ್ತಿರುವುದಿಲ್ಲ. ಅದು ನಿಮ್ಮ ಕೈಯಲ್ಲಿಲ್ಲ. ನೀರು ಮೀಟರಿನ ಹತ್ತಿರ ಹೋಗುವ ಹಾಗಿದ್ದರೆ ಬೀದಿಯ ಲೈನೇ ನಿಲ್ಲಬೇಕು. ಬೀದಿಯ ನಾಲ್ಕು ಮನೆಯವರು ಸೇರಿ ಲೈನ್‌ಮ್ಯಾನ್‌ಗೆ ಮುಂಚೆಯೇ ಹೇಳಿಟ್ಟಿರಿ. ಹೊರಡುವಾಗ ಕಂಬ, ಅದಕ್ಕೆ ಎಳೆದು ಕಟ್ಟಿದ ತಂತಿ, ಟ್ರಾನ್ಸ್‌ಫಾರ್ಮರ್ ಬೇಲಿ ಇವುಗಳಿಂದ ದೂರ ನಡೆಯಿರಿ, ಮಕ್ಕಳನ್ನು ಎತ್ತಿಕೊಳ್ಳಿ. ತಾರಸಿಯಲ್ಲಿ ಸೋಲಾರ್ ಪ್ಯಾನೆಲ್ ಇರುವವರು ಇನ್ನೊಂದು ನೆನಪಿಡಬೇಕು: ಬಿಸಿಲಿರುವಷ್ಟು ಹೊತ್ತು ಅದರ ವೈರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಬಿಸಿನೀರಿನ ಸೋಲಾರ್‌ಗೆ ಈ ತೊಂದರೆ ಇಲ್ಲ.

ನೀರು ಇಳಿದು ವಾಪಸ್ ಬಂದಾಗ ಎಲ್ಲರಿಗೂ ಅವಸರ, ಫ್ಯಾನು ಹಾಕಿ ಮನೆ ಒಣಗಿಸೋಣ ಅಂತ. ಗೋಡೆ ಒಣಗಿದ ಹಾಗೆ ಕಂಡರೂ ಒಳಗಿನ ಪೈಪುಗಳಲ್ಲಿ, ಅದರ ಬಾಗಿದ ಕಡೆ, ನೀರು ವಾರಗಟ್ಟಲೆ ನಿಂತಿರುತ್ತದೆ. ಮುಳುಗಿದ ಸ್ವಿಚ್ಚು, ಎಂಸಿಬಿ ತೊಳೆದು ಬಿಸಿಲಿಗಿಟ್ಟು ಮತ್ತೆ ಹಾಕುವುದು ಬೇಡ. ಒಳಗೆ ಹೂಳು ಕೂತ ಎಂಸಿಬಿ ಬೇಕಾದಾಗ ಟ್ರಿಪ್ ಆಗುವುದಿಲ್ಲ. ಅವನ್ನು ಬದಲಿಸಿ. ವೈರಿನಿಂದ ಕರೆಂಟು ಸೋರುತ್ತದೆಯೇ ಅಂತ ಅಳೆಯುವ ಮೆಗ್ಗರ್ ಹಾಕಿ ಪ್ರತಿ ಲೈನೂ ನೋಡಲು ಎಲೆಕ್ಟ್ರಿಷಿಯನ್‌ಗೆ ಹೇಳಿ. ಒಂದು ಮೆಗಾ ಓಮ್‌ಗಿಂತ ಕಡಿಮೆ ತೋರಿಸುವ ಲೈನಿಗೆ ಕರೆಂಟು ಕೊಡಬೇಡಿ. ಮೊದಲು ಅಟ್ಟದ ಮಟ್ಟದ ಲೈಟಿನ ಲೈನು, ಕೆಳಗಿನ ಪ್ಲಗ್ಗಿನ ಲೈನು ಕೊನೆಗೆ. ಸುಮ್ನೆ ಟೆಸ್ಟರ್ ಇಟ್ಟು ನೋಡಿ ಎಲ್ಲ ಸರಿ ಇದೆ ಅನ್ನುವವರನ್ನು ವಾಪಸ್ ಕಳಿಸಿ.

ಕೊನೆಗೆ ಅಮ್ಮನ ಕುಡಿಯುವ ನೀರು. ವಾಪಸ್ ಬಂದ ಮೊದಲ ದಿನಗಳಲ್ಲಿ ಕ್ಯಾನಿನ ನೀರು, ತಾರಸಿಯ ಟ್ಯಾಂಕಿನ ನೀರು. ಅದನ್ನೂ ಚೆನ್ನಾಗಿ ಕುದಿಸಿ, ದೊಡ್ಡ ಗುಳ್ಳೆ ಏಳಲು ಶುರುವಾದ ಮೇಲೆ ಇನ್ನೊಂದು ನಿಮಿಷ ಬಿಟ್ಟು ಇಳಿಸಿ. ಟ್ಯಾಂಕರ್ ನೀರೂ ಅಷ್ಟೇ. ಮುಳುಗಿದ್ದ ಫಿಲ್ಟರ್ ಯಂತ್ರದ ಒಳಗಿನ ಕ್ಯಾಂಡಲ್, ಕಾರ್ಟ್ರಿಡ್ಜ್ ಎಲ್ಲ ಬದಲಿಸುವವರೆಗೆ ಅದನ್ನು ಮುಟ್ಟಬೇಡಿ.

ಸಂಪನ್ನು ವಾಪಸ್ ಬಂದ ದಿನವೇ ಖಾಲಿ ಮಾಡಲು ಹೋಗಬೇಡಿ. ಕಾರಣ ಮೇಲೆ ಹೇಳಿದ್ದೇ, ನೆಲದೊಳಗೆ ಇನ್ನೂ ನೀರಿದೆ. ಒಂದು ಅಡಿ ನೀರು ಹೊರಗೆ ಹಾಕಿ, ಒಂದು ಗಂಟೆ ಬಿಟ್ಟು ನೋಡಿ. ಮಟ್ಟ ತಾನಾಗೇ ಏರಿದ್ದರೆ ಹೊರಗಿನ ನೀರು ಗೋಡೆಯ ಬಿರುಕಿನಿಂದ ಒಳಗೆ ಬರುತ್ತಿದೆ, ಇನ್ನೆರಡು ದಿನ ಕಾಯಿರಿ. ಏರದಿದ್ದರೆ ಇವತ್ತು ಅರ್ಧ, ನಾಳೆ ಅರ್ಧ ಖಾಲಿ ಮಾಡಿ. ಪೆಟ್ರೋಲ್ ಪಂಪನ್ನು ಸಂಪಿನೊಳಗೆ ಇಳಿಸಬೇಡಿ, ಅದರ ಹೊಗೆ ಒಳಗೆ ಇಳಿದವರನ್ನು ಸದ್ದಿಲ್ಲದೆ ಕೊಲ್ಲುತ್ತದೆ. ಒಳಗಿಳಿಯುವ ಮೊದಲು ಮುಚ್ಚಳ ಅರ್ಧ ದಿನ ತೆರೆದಿಟ್ಟು ಗಾಳಿಯಾಡಲು ಬಿಡಿ, ಇಳಿದವರ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಒಬ್ಬರು ಹಿಡಿದು ನಿಂತಿರಲಿ. ತಲೆ ಸುತ್ತುತ್ತದೆ ಅಂದರೆ ಎಳೆದುಕೊಳ್ಳಿ. ಕಾಪಾಡಲು ಇನ್ನೊಬ್ಬರು ಒಳಗೆ ಹಾರಬಾರದು.

ಕೆಸರು ತೆಗೆದು ಗೋಡೆ ಉಜ್ಜಿದ ಮೇಲೆ ಬ್ಲೀಚಿಂಗ್ ಪೌಡರ್. ನಿಮ್ಮ ಸಂಪು 6 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳ ಇದ್ದರೆ 180 ಘನ ಅಡಿ. ಒಂದು ಘನ ಅಡಿಗೆ 28 ಲೀಟರು, ಅಂದರೆ ಸುಮಾರು 5000 ಲೀಟರು. ತೊಳೆಯುವ ಸುತ್ತಿಗೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಬೇಕು, ಒಟ್ಟು 250 ಗ್ರಾಂ. ಅಂಗಡಿಯ ಪೌಡರಿನಲ್ಲಿ ಕಾಲು ಭಾಗ ಕ್ಲೋರಿನ್ ಉಳಿದಿರುತ್ತದೆ ಅಂತ ಹಿಡಿದರೆ ಒಂದು ಕೆಜಿ ಪೌಡರ್. ಮೂಟೆ ಬಿಚ್ಚಿಟ್ಟು ವರ್ಷವಾಗಿ, ಮೂಗಿಗೆ ಘಾಟೇ ಬಾರದ ಪೌಡರ್ ಬರೀ ಸುಣ್ಣ, ಅದನ್ನು ತರಬೇಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಸುರಿದು, ಸಂಪು ತುಂಬಿಸಿ, ಒಂದು ರಾತ್ರಿ ಬಿಡಿ. ಈ ನೀರನ್ನು ಕುಡಿಯುವಂತಿಲ್ಲ, ಪಾತ್ರೆಗೂ ಬೇಡ. ಬೆಳಿಗ್ಗೆ ನಲ್ಲಿಗಳಲ್ಲಿ ಘಾಟು ಬರುವವರೆಗೆ ಬಿಟ್ಟು ಪೈಪುಗಳನ್ನೂ ತೊಳೆದು, ಎಲ್ಲ ಹೊರಹಾಕಿ.

ಮತ್ತೆ ಒಳ್ಳೆಯ ನೀರು ತುಂಬಿಸಿ. ಈ ಸಲ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ಅಂದರೆ ನಿಮ್ಮ ಸಂಪಿಗೆ 12ರಿಂದ 13 ಗ್ರಾಂ ಪೌಡರ್ ಸಾಕು. ಅಂದಾಜಿಗೆ ಹಾಕದೆ ಒಡವೆ ಅಂಗಡಿಯ ಸಣ್ಣ ತಕ್ಕಡಿಯಲ್ಲಿ ತೂಗಿಸಿ. ಅರ್ಧ ಗಂಟೆ ಬಿಟ್ಟು ನೋಡಿದರೆ ಕ್ಲೋರಿನ್ನಿನ ವಾಸನೆ ತೀರಾ ತೆಳುವಾಗಿ ಇರಬೇಕು. ಪೂರ್ತಿ ಇಲ್ಲವಾಗಿದ್ದರೆ ಕೊಳೆ ಇನ್ನೂ ಇದೆ, ಕ್ಲೋರಿನ್ನನ್ನು ಅದು ತಿಂದುಹಾಕಿದೆ. ನೀರು ಕದಡಿದ್ದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಮೊದಲು ತಿಳಿಯಾಗಬೇಕು. ಆಮೇಲೆ ಆಶಾ ಕಾರ್ಯಕರ್ತೆಯರನ್ನೋ ಆರೋಗ್ಯ ಕೇಂದ್ರದವರನ್ನೋ ಕೇಳಿ ನೀರು ಪರೀಕ್ಷಿಸುವ ಸಣ್ಣ ಎಚ್‌ಟುಎಸ್ ಬಾಟಲಿ ತನ್ನಿ. ಆದರೆ ಕ್ಲೋರಿನ್ ಹಾಕಿದ ನೀರನ್ನು ಅದರಲ್ಲಿ ಹಾಕಿದರೆ ಉತ್ತರ ಸುಳ್ಳಾಗಬಹುದು, ಹಾಗಾಗಿ ವಾಸನೆ ಪೂರ್ತಿ ಹೋದ ಮೇಲೆ, ಎರಡು ಮೂರು ದಿನ ಬಿಟ್ಟು ತುಂಬಿಸಿ. ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಡಿ. ಕಪ್ಪಾದರೆ ಮೋರಿ ನೀರು ಎಲ್ಲಿಂದಲೋ ಇನ್ನೂ ಒಳಗೆ ಸೇರುತ್ತಿದೆ, ಬಿರುಕು ಹುಡುಕಿ ಮುಚ್ಚಿಸಿ, ಮತ್ತೆ ಮೊದಲಿನಿಂದ ತೊಳೆಯಿರಿ. ಕಪ್ಪಾಗದಿದ್ದರೆ ಅಮ್ಮನಿಗೆ ಆ ನೀರು ಕೊಡಬಹುದು. ನಾನಾಗಿದ್ದರೆ ಇನ್ನೊಂದು ತಿಂಗಳು ಕುದಿಸಿಯೇ ಕೊಡುತ್ತಿದ್ದೆ.